ಹೂತುಹೋದ ಹಳ್ಳದ ಮೇಲೊಂದು ಕೋಲ್ಡ್ ಸ್ಟೋರೇಜ್: ಮಣ್ಣಿನ ಬಿಗಿತ ಅಳೆದ ಒಂದು ಪ್ರಕರಣ

ಕೋಲಾರ ತಾಲ್ಲೂಕಿನಲ್ಲಿ ತರಕಾರಿ ಇಡಲು ಒಂದು ಕೋಲ್ಡ್ ಸ್ಟೋರೇಜ್ ಕಟ್ಟಬೇಕಿತ್ತು. ಜಾಗ ಕೆರೆಯ ಕಡೆಗೆ ನಿಧಾನವಾಗಿ ಇಳಿಯುವ ಹೊಲ. ಕಟ್ಟಡ ಆರ್‌ಸಿಸಿ ಫ್ರೇಮಿನದು, ಕಂಬದಿಂದ ಕಂಬಕ್ಕೆ 8 ಮೀಟರ್. ಒಂದೊಂದು ಕಂಬದ ಕೆಳಗೂ 2.4 ಮೀಟರ್ ಚೌಕದ ಫುಟಿಂಗ್, ನೆಲದಿಂದ 2 ಮೀಟರ್ ಆಳದಲ್ಲಿ. ಫುಟಿಂಗ್ ಮಣ್ಣಿನ ಮೇಲೆ ಹೊಸದಾಗಿ ಹೇರುವ ಒತ್ತಡ 150 ಕಿಲೋಪಾಸ್ಕಲ್. ಮಾಲೀಕರು ಕೇಳಿಕೊಂಡಿದ್ದರಿಂದ ಜಾಗದ ಗುರುತು ಹೇಳುತ್ತಿಲ್ಲ. ಅಂಕಿಗಳನ್ನು ಓದಲು ಸುಲಭವಾಗಲಿ ಎಂದು ಸ್ವಲ್ಪ ದುಂಡಗೆ ಮಾಡಿದ್ದೇನೆ.

ನನ್ನ ಕೈಗೆ ಬರುವ ಹೊತ್ತಿಗೆ ಮಣ್ಣು ಪರೀಕ್ಷೆಯ ಒಂದು ವರದಿ ಸಿದ್ಧವಾಗಿತ್ತು. ನನಗೆ ವಹಿಸಿದ್ದು ಅದನ್ನು ಇನ್ನೊಮ್ಮೆ ನೋಡಿಕೊಡುವ ಕೆಲಸ. ವರದಿ ಪ್ರಕಾರ ಜಾಗದ ಎತ್ತರದ ಕಡೆ ಮೊರಂ. ಅಂದರೆ ಗ್ನೈಸ್ ಬಂಡೆ ಇದ್ದ ಜಾಗದಲ್ಲೇ ಕೊಳೆತು ಪುಡಿಯಾದ, ಅಭ್ರಕ ಮಿನುಗುವ ಮರಳು ಮಿಶ್ರಿತ ಮಣ್ಣು. ಕೆರೆಯ ಕಡೆಯ ಒಂದು ಪಟ್ಟಿಯಲ್ಲಿ ಮಾತ್ರ ಫುಟಿಂಗ್ ಮಟ್ಟದಿಂದ ಕೆಳಗೆ 3 ಮೀಟರ್ ದಪ್ಪದ ಕಪ್ಪು ಜೇಡಿ. ಅದರ ಕೆಳಗೆ ಮತ್ತೆ ಅದೇ ಮೊರಂ.

ಎರಡೂ ಕಡೆ, ರಂಧ್ರದೊಳಗೆ ಪ್ರೋಬ್ ಉಬ್ಬಿಸಿ ಮಣ್ಣಿನ ಬಿಗಿತ ಅಳೆಯುವ ಪ್ರೆಷರ್‌ಮೀಟರ್ ಪರೀಕ್ಷೆ ಮಾಡಿಸಿದ್ದರು. ನಮ್ಮ ಕಡೆ ಇಷ್ಟು ಕಾಳಜಿ ತೆಗೆದುಕೊಳ್ಳುವವರು ಕಡಿಮೆ, ಅದನ್ನು ಮೆಚ್ಚಲೇಬೇಕು. ಅವರ ಲೆಕ್ಕದಲ್ಲಿ ಮೊರಂ ಮೇಲಿನ ಫುಟಿಂಗ್ 18 ಮಿ.ಮೀ. ಕೂರುತ್ತದೆ, ಜೇಡಿ ಮೇಲಿನದು 27 ಮಿ.ಮೀ. ವ್ಯತ್ಯಾಸ 9 ಮಿ.ಮೀ. ಭಾರತೀಯ ಮಾನಕ ಐಎಸ್ 1904 ಪ್ರಕಾರ ಬಿಡಿ ಫುಟಿಂಗಿನ ಆರ್‌ಸಿಸಿ ಕಟ್ಟಡದಲ್ಲಿ ಪಕ್ಕಪಕ್ಕದ ಕಂಬಗಳ ನಡುವೆ ಅಂತರದ 0.0015 ಪಾಲಿನಷ್ಟು ವ್ಯತ್ಯಾಸ ಇರಬಹುದು. 8 ಮೀಟರಿಗೆ ಅದು 12 ಮಿ.ಮೀ. ಒಂಬತ್ತು ಹನ್ನೆರಡಕ್ಕಿಂತ ಕಡಿಮೆ, ಹಾಗಾಗಿ ಫುಟಿಂಗ್ ಹಾಕಬಹುದು ಎಂದು ಬರೆದಿದ್ದರು.

ಅನುಮಾನ ಬಂದಿದ್ದು ಒಂದೇ ಪುಟದಲ್ಲಿದ್ದ ಎರಡು ಸಾಲುಗಳಿಂದ. ಎಸ್‌ಪಿಟಿ ಅಂದರೆ ಕೊಳವೆಯನ್ನು ಮಣ್ಣಿಗಿಳಿಸಲು ಸುತ್ತಿಗೆಯ ಎಷ್ಟು ಏಟು ಬೇಕು ಎಂದು ಎಣಿಸುವ ಪರೀಕ್ಷೆ. ಅದರಲ್ಲಿ ಮೊರಂಗೆ 25ರಿಂದ 30 ಏಟು ಬೇಕಾಗಿತ್ತು, ಜೇಡಿಗೆ 4–5 ಏಟು. ಆದರೆ ಪ್ರೆಷರ್‌ಮೀಟರ್ ಕೊಟ್ಟ ಮಾಡ್ಯುಲಸ್, ಅಂದರೆ ಬಿಗಿತದ ಅಂಕಿ, ಮೊರಂಗೆ 3.5 ಮೆಗಾಪಾಸ್ಕಲ್, ಜೇಡಿಗೆ 3. ಸುತ್ತಿಗೆಗೆ ಐದಾರು ಪಟ್ಟು ವ್ಯತ್ಯಾಸ ಕಾಣಿಸುವ ಮಣ್ಣುಗಳು ಬಿಗಿತದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದು ಹೇಗೆ? ಏಟಿನ ಲೆಕ್ಕದಿಂದ ಬಿಗಿತವನ್ನು ನಿಖರವಾಗಿ ಹೇಳಲು ಬರುವುದಿಲ್ಲ, ನಿಜ. ಆದರೂ ಇಷ್ಟು ದೂರ ಸರಿಯುವುದಿಲ್ಲ.

ಮೊರಂನಲ್ಲಿ ಏನಾಗಿತ್ತು

ಪ್ರೆಷರ್‌ಮೀಟರನ್ನು ಫ್ರಾನ್ಸಿನ ಲೂಯಿ ಮೆನಾರ್ 1950ರ ದಶಕದಲ್ಲಿ ರೂಪಿಸಿದರು. ಕೆಲಸ ಹೀಗೆ ನಡೆಯುತ್ತದೆ. ಮೊದಲು ಬೋರ್‌ಹೋಲ್ ಕೊರೆಯುತ್ತಾರೆ. ಅದರೊಳಗೆ ರಬ್ಬರ್ ಹೊದಿಕೆಯ ಉರುಳೆಯಾಕಾರದ ಪ್ರೋಬ್ ಇಳಿಸುತ್ತಾರೆ. ಪ್ರೋಬಿನಲ್ಲಿ ಮೂರು ಕೋಣೆಗಳಿವೆ. ನಡುವಿನದು ಅಳೆಯುವ ಕೋಣೆ, ಅದಕ್ಕೆ ನೀರು ತುಂಬಿಸುತ್ತಾರೆ. ಮೇಲಿನ ಮತ್ತು ಕೆಳಗಿನ ಕೋಣೆಗಳು ಕಾವಲಿಗೆ. ಅವು ಕೂಡ ಉಬ್ಬುವುದರಿಂದ ನಡುವಿನ ಕೋಣೆ ಮೇಲೆ ಕೆಳಗೆ ಚಾಚಿಕೊಳ್ಳದೆ ಸುತ್ತಲಿನ ಮಣ್ಣನ್ನು ಸಮನಾಗಿ ತಳ್ಳುತ್ತದೆ. ಗ್ಯಾಸ್ ಸಿಲಿಂಡರಿನಿಂದ ಒತ್ತಡವನ್ನು ಸುಮಾರು ಹತ್ತು ಮೆಟ್ಟಿಲುಗಳಲ್ಲಿ ಏರಿಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಒಂದು ನಿಮಿಷ ಹಿಡಿದು 15, 30 ಮತ್ತು 60ನೇ ಸೆಕೆಂಡಿನಲ್ಲಿ ಎಷ್ಟು ನೀರು ಒಳಗೆ ಹೋಯಿತು ಎಂದು ಬರೆದುಕೊಳ್ಳುತ್ತಾರೆ.

ಒತ್ತಡ ಮತ್ತು ನೀರಿನ ಗ್ರಾಫ್ ಎಳೆದರೆ ಮೂರು ಭಾಗ ಕಾಣಬೇಕು. ಮೊದಲು ಪ್ರೋಬ್ ಉಬ್ಬಿ ಗೋಡೆಯನ್ನು ಮುಟ್ಟುವ ಭಾಗ. ಆಮೇಲೆ ಹೆಚ್ಚುಕಡಿಮೆ ನೇರವಾದ ಗೆರೆ. ಕೊನೆಗೆ ಮಣ್ಣು ಸೋತು, ಸ್ವಲ್ಪ ಒತ್ತಡಕ್ಕೇ ತುಂಬಾ ನೀರು ಹೋಗುವ ಭಾಗ. ನೇರ ಗೆರೆಯ ಓರೆಯಿಂದ ಮಾಡ್ಯುಲಸ್ ಸಿಗುತ್ತದೆ. ಕುಳಿಯ ಗಾತ್ರ ಎರಡರಷ್ಟಾಗುವ ಒತ್ತಡವನ್ನು ಲಿಮಿಟ್ ಪ್ರೆಷರ್ ಎನ್ನುತ್ತಾರೆ.

```
E = 2.66 × (Vs + Vm) × Δp / ΔV
```

ಇಲ್ಲಿ `Vs` ಅಂದರೆ ಅಳೆಯುವ ಕೋಣೆಯ ಮೂಲ ಗಾತ್ರ. 58 ಮಿ.ಮೀ. ಪ್ರೋಬಿಗೆ ಅದು ಸುಮಾರು 535 ಸಿಸಿ. `Vm` ನೇರ ಗೆರೆಯ ಮಧ್ಯದಲ್ಲಿ ಒಳಗೆ ಹೋಗಿದ್ದ ನೀರು. `Δp` ಆ ಗೆರೆಯುದ್ದಕ್ಕೂ ಏರಿದ ಒತ್ತಡ, `ΔV` ಅಷ್ಟರಲ್ಲಿ ಒಳಗೆ ಹೋದ ನೀರು. 2.66 ಬರುವುದು ಪಾಯ್ಸನ್ ಅನುಪಾತವನ್ನು 0.33 ಎಂದು ಹಿಡಿಯುವುದರಿಂದ.

ವರದಿಯನ್ನು ಪರೀಕ್ಷಿಸಲು ಮೊದಲು ಮಾಡಬೇಕಾದ್ದು ಮಾಡ್ಯುಲಸನ್ನು ಲಿಮಿಟ್ ಪ್ರೆಷರಿನಿಂದ ಭಾಗಿಸುವುದು. ಮೊರಂನ ಲಿಮಿಟ್ ಪ್ರೆಷರ್ 0.75 ಮೆಗಾಪಾಸ್ಕಲ್ ಎಂದು ಬರೆದಿತ್ತು. 3.5ನ್ನು 0.75ರಿಂದ ಭಾಗಿಸಿದರೆ 4.7. ಕದಡದ ಮರಳು ಮಿಶ್ರಿತ ಮಣ್ಣಿನಲ್ಲಿ ಈ ಅನುಪಾತ ಸಾಮಾನ್ಯವಾಗಿ 7ರಿಂದ 14ರ ಒಳಗೆ ಇರುತ್ತದೆ. ಐದಕ್ಕಿಂತ ಕೆಳಗೆ ಬಂದರೆ ಪ್ರೋಬ್ ಅಳೆದಿದ್ದು ನೆಲದ ಮಣ್ಣನ್ನಲ್ಲ, ಕೊರೆಯುವಾಗ ಕದಡಿದ ಗೋಡೆಯನ್ನು ಎಂದು ಅನುಮಾನಿಸಬೇಕು. ಗೋಡೆ ಮೆತ್ತಗಾದರೆ ಮೊದಲು ಬೀಳುವುದು ಮಾಡ್ಯುಲಸ್. ಲಿಮಿಟ್ ಪ್ರೆಷರ್ ಅಷ್ಟಾಗಿ ಬೀಳುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಪ್ರೋಬ್ ದೂರದ ಮಣ್ಣನ್ನೂ ತಳ್ಳುತ್ತಿರುತ್ತದೆ. ಅನುಪಾತ ಕುಸಿಯುವುದು ಇದೇ ಕಾರಣಕ್ಕೆ.

ಮೂಲ ರೀಡಿಂಗ್ ಹಾಳೆಗಳನ್ನು ತರಿಸಿ ನೋಡಿದಾಗ ಅನುಮಾನ ಗಟ್ಟಿಯಾಯಿತು. ಪ್ರೋಬ್ ಗೋಡೆಯನ್ನು ಮುಟ್ಟುವಷ್ಟರಲ್ಲೇ 330 ಸಿಸಿ ನೀರು ಖರ್ಚಾಗಿತ್ತು. ಅಂದರೆ ರಂಧ್ರ ಪ್ರೋಬಿಗಿಂತ ತುಂಬಾ ಅಗಲವಾಗಿತ್ತು. ನೇರ ಗೆರೆ ಎಂದು ಆಯ್ದುಕೊಂಡ ಭಾಗವೂ ನಿಜಕ್ಕೂ ನೇರವಾಗಿರಲಿಲ್ಲ. 0.15ರಿಂದ 0.35 ಮೆಗಾಪಾಸ್ಕಲ್‌ವರೆಗೆ 142 ಸಿಸಿ ಒಳಗೆ ಹೋಗಿತ್ತು. ಇನ್ನು ಲಿಮಿಟ್ ಪ್ರೆಷರ್ ಮುಟ್ಟಲು ಬೇಕಾದ ನೀರಿನ ಲೆಕ್ಕ `Vs` ಜೊತೆಗೆ ಮುಟ್ಟಿದಾಗಿನ ನೀರಿನ ಎರಡರಷ್ಟು. ಇಲ್ಲಿ ಅದು 535 + 660, ಸುಮಾರು 1,200 ಸಿಸಿ. ಅಷ್ಟು ನೀರು ಉಪಕರಣದಲ್ಲೇ ಇರುವುದಿಲ್ಲ. ಹಾಗಾಗಿ 0.75 ಎಂಬುದು ಅಳೆದ ಅಂಕಿ ಅಲ್ಲ, ಗ್ರಾಫನ್ನು ಬಹಳ ದೂರ ಎಳೆದು ಊಹಿಸಿದ್ದು.

ಕೊರೆದ ರೀತಿ ವಿಚಾರಿಸಿದೆ. ನೀರು ಹಾಯಿಸಿಕೊಂಡು ಪೂರ್ತಿ ಆಳಕ್ಕೆ ಒಂದೇ ಸಲ ಕೊರೆದು, ಮಾರನೇ ದಿನ ಪ್ರೋಬ್ ಇಳಿಸಿದ್ದರು. ಜೇಡಿಯಲ್ಲಿ ಇದರಿಂದ ಹೆಚ್ಚು ತೊಂದರೆಯಾಗಿರಲಿಲ್ಲ, ಅಲ್ಲಿ ಗೋಡೆ ನಿಂತುಕೊಂಡಿತ್ತು. ಆದರೆ ನಮ್ಮ ಮೊರಂ ಬೇರೆ ಜಾತಿ. ಒಣಗಿದ್ದಾಗ ಗಟ್ಟಿ, ಗುದ್ದಲಿಗೂ ಬಗ್ಗುವುದಿಲ್ಲ. ರಾತ್ರಿಯೆಲ್ಲ ನೀರಿನಲ್ಲಿ ನಿಂತರೆ ಗೋಡೆಯ ಒಂದೆರಡು ಅಂಗುಲ ಗೊಜ್ಜಾಗಿ ಉದುರುತ್ತದೆ.

ಮೊರಂನಲ್ಲಿ ಹೊಸ ಬೋರ್ ಹಾಕಿಸಿ ಪರೀಕ್ಷೆ ಮತ್ತೆ ಮಾಡಿಸಿದೆವು. ಈ ಸಲ ನಿಯಮ ಒಂದೇ: ಒಂದು ಪರೀಕ್ಷೆಗೆ ಬೇಕಾದಷ್ಟು ಮಾತ್ರ ಕೊರೆಯುವುದು, ತಕ್ಷಣ ಪ್ರೋಬ್ ಇಳಿಸುವುದು, ಅದು ಮುಗಿದ ಮೇಲೆ ಮುಂದಿನ ಒಂದೂವರೆ ಮೀಟರ್. ನೀರಿನ ಮಟ್ಟದ ಮೇಲೆ ಆಗರಿನಲ್ಲಿ ಒಣದಾಗಿ ಕೊರೆದರು. ಅದರ ಕೆಳಗೆ ಬೆಂಟೊನೈಟ್ ಕೆಸರು ಹಾಕಿಕೊಂಡು ನಿಧಾನವಾಗಿ ತಿರುಗಿಸಿದರು. 58 ಮಿ.ಮೀ. ಪ್ರೋಬಿಗೆ ರಂಧ್ರ 60ರಿಂದ 66 ಮಿ.ಮೀ. ಒಳಗಿರಬೇಕು ಎಂದು ಮೊದಲೇ ಮಾತಾಗಿತ್ತು. ಕೊರೆಯುವ ಮೇಸ್ತ್ರಿಗೆ ಇದು ಬೇಸರದ ಕೆಲಸ. "ಸಾರ್, ಹಿಂಗೆ ನಿಲ್ಸಿ ನಿಲ್ಸಿ ಕೊರದ್ರೆ ಮೀಟರ್ ಲೆಕ್ಕದಲ್ಲಿ ನಮ್ಗೇನೂ ಗಿಟ್ಟಲ್ಲ" ಎಂದರು. ಅವರ ಮಾತು ಸರಿಯೇ. ಮೀಟರ್ ಲೆಕ್ಕದಲ್ಲಿ ಹಣ ಕೊಟ್ಟರೆ ಯಾರೇ ಆಗಲಿ ಬೇಗ ಬೇಗ ಕೊರೆಯುತ್ತಾರೆ. ಹಾಗಾಗಿ ಕೂಲಿಯನ್ನು ಪರೀಕ್ಷೆಯ ಲೆಕ್ಕಕ್ಕೆ ಬದಲಾಯಿಸಿದೆವು.

ಹೊಸ ಗ್ರಾಫಿನಲ್ಲಿ ಮೂರೂ ಭಾಗ ಚೆನ್ನಾಗಿ ಕಾಣುತ್ತಿದ್ದವು. 150 ಸಿಸಿಗೆ ಪ್ರೋಬ್ ಗೋಡೆ ಮುಟ್ಟಿತು. 0.2ರಿಂದ 0.65 ಮೆಗಾಪಾಸ್ಕಲ್‌ವರೆಗೆ ಹೋದದ್ದು 61 ಸಿಸಿ ಮಾತ್ರ. ನಡುವಿನ ನೀರು ಸುಮಾರು 180 ಸಿಸಿ. ಸೂತ್ರಕ್ಕೆ ಹಾಕಿದರೆ:

```
E = 2.66 × (535 + 180) × 0.45 / 61 ≈ 14 MPa
```

ಲಿಮಿಟ್ ಪ್ರೆಷರ್ 1.2 ಮೆಗಾಪಾಸ್ಕಲ್, ಅನುಪಾತ 11.7. ಅದೇ ಮೊರಂ, ಅದೇ ಆಳ, ಬಿಗಿತ ನಾಲ್ಕು ಪಟ್ಟು.

ಇನ್ನೊಂದು ಸುಳಿವನ್ನೂ ಹೇಳಬೇಕು. ಎರಡೂ ಬೋರ್‌ಗಳಲ್ಲಿ ನಡುವೆ ಒಮ್ಮೆ ಒತ್ತಡ ಇಳಿಸಿ ಮತ್ತೆ ಏರಿಸಿದ್ದರು. ಹಾಗೆ ಮತ್ತೆ ಏರಿಸುವಾಗಿನ ಓರೆ ಹಳೆಯ ಬೋರ್‌ನಲ್ಲೂ ಹೊಸದರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಕದಡಿದ ಗೋಡೆ ಮೊದಲ ಏರಿಕೆಯಲ್ಲೇ ಅದುಮಿಕೊಂಡಿರುವುದರಿಂದ ಎರಡನೇ ಏರಿಕೆ ಅದರ ಹಂಗಿಲ್ಲದೆ ನಡೆಯುತ್ತದೆ. ನೆಲ ಒಂದೇ, ರಂಧ್ರ ಮಾತ್ರ ಬೇರೆ ಎನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಫುಟಿಂಗ್ ಎಷ್ಟು ಕೂರುತ್ತದೆ ಎಂದು ಹೇಳುವ ಮೆನಾರ್ ಅವರ ಸೆಟಲ್‌ಮೆಂಟ್ ಸೂತ್ರಕ್ಕೆ ಈ ಎರಡನೇ ಏರಿಕೆಯ ಅಂಕಿ ಹಾಕಬಾರದು. ಆ ಸೂತ್ರವನ್ನು ಹೊಂದಿಸಿರುವುದು ಮೊದಲ ಏರಿಕೆಯ ಮಾಡ್ಯುಲಸ್‌ಗೆ. ಎರಡನೆಯದು ಹಲವು ಪಟ್ಟು ಜಾಸ್ತಿ ಇರುವುದರಿಂದ ಉತ್ತರ ಸುಳ್ಳೇ ಚಿಕ್ಕದಾಗಿ ಬರುತ್ತದೆ.

ಕಡಿಮೆ ಅಂಕಿ ಯಾಕೆ ಸುರಕ್ಷಿತವಲ್ಲ

ಮೆನಾರ್ ಸೂತ್ರದಲ್ಲಿ ಸೆಟಲ್‌ಮೆಂಟ್ ಎರಡು ತುಂಡುಗಳ ಮೊತ್ತ. ಒಂದು ಫುಟಿಂಗಿನ ಕೆಳಗೇ ಮಣ್ಣು ಅದುಮಿಕೊಳ್ಳುವುದು, ಇನ್ನೊಂದು ಆಳದಲ್ಲಿ ಮಣ್ಣು ಆಕಾರ ಬದಲಿಸಿ ಪಕ್ಕಕ್ಕೆ ಸರಿಯುವುದು.

```
sc = α × q × λc × B / (9 × Ec)
sd = 2 × q × B0 × (λd × B / B0)^α / (9 × Ed)
B0 = 0.6 m,  ಚೌಕಕ್ಕೆ λc = 1.10, λd = 1.12
```

`q` ಹೊಸದಾಗಿ ಹೇರಿದ ಒತ್ತಡ, `B` ಫುಟಿಂಗಿನ ಅಗಲ. `Ec` ಫುಟಿಂಗಿನ ತಕ್ಷಣ ಕೆಳಗಿನ ಮಾಡ್ಯುಲಸ್. `Ed` ಆಳದ ಪದರಗಳನ್ನೆಲ್ಲ ಸೇರಿಸಿ ತೆಗೆದ ಒಂದು ಬಗೆಯ ಸರಾಸರಿ. α ಮಣ್ಣಿನ ಜಾತಿಗೆ ತಕ್ಕಂತೆ ಬದಲಾಗುತ್ತದೆ. ನಮ್ಮ ಮೊರಂಗೆ 1/2 ಹಿಡಿದೆವು. ಮಾಡ್ಯುಲಸ್ 14 ಆದರೆ ಎರಡು ತುಂಡುಗಳು 1.6 ಮತ್ತು 3.0 ಮಿ.ಮೀ., ಒಟ್ಟು 5 ಮಿ.ಮೀ. ಹತ್ತಿರ. ಮೊದಲ ವರದಿಯ 3.5 ಹಾಕಿದರೆ 18.

ಇಲ್ಲಿ ಹಲವರು ಒಂದು ಮಾತು ಹೇಳುತ್ತಾರೆ: "ಕಡಿಮೆ ಬಿಗಿತ ಹಿಡಿದರೆ ಇರಲಿ ಬಿಡಿ, ಸೇಫ್ ಸೈಡ್ ಅಲ್ವಾ?" ಒಂದೇ ಫುಟಿಂಗಿನ ಮಟ್ಟಿಗೆ ಹೌದು. ಆದರೆ ಗೋಡೆ ಬಿರುಕು ಬಿಡುವುದು ಎರಡು ಕಂಬಗಳ ವ್ಯತ್ಯಾಸದಿಂದ. ಗಟ್ಟಿ ಮಣ್ಣನ್ನು ಮೆತ್ತಗೆ ಎಂದು ತೋರಿಸಿದಾಗ ಅದು ಮೆತ್ತಗಿನ ಮಣ್ಣಿಗೆ ಹತ್ತಿರವಾಯಿತು, ವ್ಯತ್ಯಾಸ ಕಾಗದದ ಮೇಲೆ ಕಿರಿದಾಯಿತು. ಮೊರಂನ ಸರಿಯಾದ ಅಂಕಿ ಹಾಕಿದಾಗ ಜೇಡಿ ಕಡೆಯ ಸೆಟಲ್‌ಮೆಂಟ್ ಕೂಡ 27ರಿಂದ 22ಕ್ಕೆ ಇಳಿಯಿತು, ಯಾಕೆಂದರೆ ಜೇಡಿಯ ಕೆಳಗೂ ಅದೇ ಮೊರಂ ಇದೆ. ಈಗ ಒಂದು ಕಡೆ 5, ಇನ್ನೊಂದು ಕಡೆ 22. ವ್ಯತ್ಯಾಸ 17 ಮಿ.ಮೀ. ಎರಡೂ ಕಡೆ ಒಟ್ಟು ಸೆಟಲ್‌ಮೆಂಟ್ ಕಡಿಮೆಯಾಯಿತು, ಆದರೂ ವ್ಯತ್ಯಾಸ 12ರ ಮಿತಿಯನ್ನು ದಾಟಿತು.

ಇಷ್ಟು ವ್ಯತ್ಯಾಸ ಪಕ್ಕಪಕ್ಕದ ಎರಡೇ ಕಂಬಗಳ ನಡುವೆ ಬರುತ್ತದೆಯೇ ಎಂಬ ಪ್ರಶ್ನೆ ಇತ್ತು. ಜೇಡಿ ನಿಧಾನವಾಗಿ ತೆಳುವಾಗುತ್ತಾ ಹೋದರೆ ಬರುವುದಿಲ್ಲ. ಪಕ್ಕದ ಹೊಲದ ಹಿರಿಯರೊಬ್ಬರು ಇದಕ್ಕೆ ದಾರಿ ತೋರಿಸಿದರು. "ಇಲ್ಲಿ ನಮ್ಮ ತಾತನ ಕಾಲಕ್ಕೂ ಮುಂಚೆ ಹಳ್ಳ ಹರೀತಿತ್ತಂತೆ ಸ್ವಾಮಿ. ಕೆರೆ ಕಟ್ಟೆ ಕಟ್ಟಿದ ಮೇಲೆ ಗೋಡು ತುಂಬ್ಕೊಂತು" ಎಂದರು. ಅರ್ಥವಾಯಿತು. ಮೊರಂನಲ್ಲಿ ಕೊರೆದುಕೊಂಡು ಹರಿದ ಹಳ್ಳದ ದಡ ಕಡಿದಾಗಿರುತ್ತದೆ. ಆಮೇಲೆ ಕೆರೆಯ ಹೂಳು ತುಂಬಿ ಅದು ನೆಲದ ಮಟ್ಟಕ್ಕೆ ಬಂದಿದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹ್ಯಾಂಡ್ ಆಗರಿನಿಂದ ಸಾಲಾಗಿ ತೂತು ಹಾಕಿ ನೋಡಿದಾಗ ಪಕ್ಕಪಕ್ಕದ ಎರಡು ಕಂಬಗಳ ನಡುವೆಯೇ ಜೇಡಿಯ ದಪ್ಪ ಸೊನ್ನೆಯಿಂದ ಮೂರು ಮೀಟರಿಗೆ ಏರಿತ್ತು.

ಜೇಡಿಗೆ ಚಪ್ಪಟೆ ಡೈಲಟೋಮೀಟರ್

ಜೇಡಿಯಲ್ಲಿ ಪ್ರೆಷರ್‌ಮೀಟರ್ ಅಂಕಿಯನ್ನು ಪೂರ್ತಿ ನಂಬಲು ನನಗೆ ಒಂದು ಅಡ್ಡಿ ಇತ್ತು. ಅಲ್ಲಿ ಲಿಮಿಟ್ ಪ್ರೆಷರ್ ಬರೀ 0.28 ಮೆಗಾಪಾಸ್ಕಲ್. ರಬ್ಬರ್ ಹೊದಿಕೆಯನ್ನು ಗಾಳಿಯಲ್ಲೇ ಉಬ್ಬಿಸಲು ಸ್ವಲ್ಪ ಒತ್ತಡ ಬೇಕು, ಅದನ್ನು ಪ್ರತಿ ರೀಡಿಂಗಿನಿಂದ ಕಳೆಯಬೇಕು. ಗಟ್ಟಿ ಮೊರಂನಲ್ಲಿ ಈ ತಿದ್ದುಪಡಿ ಲೆಕ್ಕಕ್ಕೇ ಬರುವುದಿಲ್ಲ. ಮೆತ್ತಗಿನ ಜೇಡಿಯಲ್ಲಿ ಅದೇ ದೊಡ್ಡ ಪಾಲಾಗಿಬಿಡುತ್ತದೆ. ಅದೂ ಅಲ್ಲದೆ ಒಂದೂವರೆ ಮೀಟರಿಗೆ ಒಂದು ರೀಡಿಂಗ್ ಎಂದರೆ ಮೂರು ಮೀಟರ್ ಜೇಡಿಗೆ ಎರಡೇ ಅಂಕಿ. ಹಾಗಾಗಿ ಡೈಲಟೋಮೀಟರ್ ತರಿಸಿದೆವು.

ಇದು ಇಟಲಿಯ ಸಿಲ್ವಾನೊ ಮಾರ್ಕೆಟ್ಟಿ 1970ರ ದಶಕದಲ್ಲಿ ರೂಪಿಸಿದ್ದು. ಸುಮಾರು 95 ಮಿ.ಮೀ. ಅಗಲ, 15 ಮಿ.ಮೀ. ದಪ್ಪದ ಉಕ್ಕಿನ ಅಲಗು. ಅದರ ಒಂದು ಮುಖದಲ್ಲಿ 60 ಮಿ.ಮೀ. ಅಗಲದ ತೆಳುವಾದ ಉಕ್ಕಿನ ಪೊರೆ. ಬೋರ್ ಕೊರೆಯುವುದೇ ಬೇಡ, ಅಲಗನ್ನು ನೇರವಾಗಿ ಮಣ್ಣಿಗೆ ಒತ್ತುತ್ತಾರೆ. ಪ್ರತಿ 20 ಸೆಂ.ಮೀ.ಗೆ ನಿಲ್ಲಿಸಿ ಗ್ಯಾಸ್ ಬಿಡುತ್ತಾರೆ. ಅಲಗು ನಿಂತಾಗ ಬಜರ್ ಕೂಗುತ್ತಿರುತ್ತದೆ. ಪೊರೆ 0.05 ಮಿ.ಮೀ. ಏಳುತ್ತಿದ್ದಂತೆ ಬಜರ್ ನಿಲ್ಲುತ್ತದೆ, ಆ ಒತ್ತಡ ಎ ರೀಡಿಂಗ್. ಪೊರೆ 1.1 ಮಿ.ಮೀ. ಉಬ್ಬಿದಾಗ ಮತ್ತೆ ಕೂಗುತ್ತದೆ, ಅದು ಬಿ ರೀಡಿಂಗ್. ಎರಡಕ್ಕೂ ಸೇರಿ ಅರ್ಧ ನಿಮಿಷ ಸಾಕು. ಅಲಗು ತೂರುವಾಗ ಮಣ್ಣನ್ನು ಕದಡುತ್ತದೆ, ಅದು ನಿಜ. ಆದರೆ ಪ್ರತಿ ಸಲವೂ ಒಂದೇ ರೀತಿ ಕದಡುತ್ತದೆ. ಬೋರ್ ಕೊರೆಯುವವರ ಕೈಚಳಕದ ಮೇಲೆ ಉತ್ತರ ನಿಲ್ಲುವುದಿಲ್ಲ.

3 ಮೀಟರ್ ಆಳದ ಒಂದು ರೀಡಿಂಗನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಎ 150, ಬಿ 300 ಕಿಲೋಪಾಸ್ಕಲ್. ಪೊರೆಯ ಸ್ವಂತ ಬಿಗಿತಕ್ಕೆ ಗಾಳಿಯಲ್ಲಿ ಅಳೆದ ತಿದ್ದುಪಡಿಗಳು 15 ಮತ್ತು 40. ತಿದ್ದಿದ ಎ ರೀಡಿಂಗ್ `p0`, ತಿದ್ದಿದ ಬಿ ರೀಡಿಂಗ್ `p1`.

```
p0 = 1.05 × (150 + 15) − 0.05 × (300 − 40) ≈ 160 kPa
p1 = 300 − 40 = 260 kPa
ED = 34.7 × (p1 − p0) ≈ 3460 kPa
ID = (p1 − p0) / (p0 − u0) ≈ 0.64
KD = (p0 − u0) / σ'v0 ≈ 3.2
```

ಆ ಆಳದಲ್ಲಿ ನೀರಿನ ಒತ್ತಡ `u0` 5, ಮೇಲಿನ ಮಣ್ಣಿನ ಭಾರ `σ'v0` ನೀರಿನ ಒತ್ತಡ ಕಳೆದು 49 ಕಿಲೋಪಾಸ್ಕಲ್. `ID` 0.6ಕ್ಕಿಂತ ಕಡಿಮೆ ಇದ್ದರೆ ಜೇಡಿ, 1.8ಕ್ಕಿಂತ ಜಾಸ್ತಿ ಇದ್ದರೆ ಮರಳು. ನಮ್ಮದು ಜೇಡಿ ಮತ್ತು ಹೂಳಿನ ಗಡಿಯಲ್ಲಿದೆ, ಕೆರೆಯ ಗೋಡು ಇರಬೇಕಾದ ಜಾಗದಲ್ಲೇ. `KD` ಇನ್ನೂ ಮುಖ್ಯ. ಹಿಂದೆಂದೂ ಇದಕ್ಕಿಂತ ಹೆಚ್ಚು ಭಾರ ಕಾಣದ ಜೇಡಿಯಲ್ಲಿ ಅದು 2ರ ಹತ್ತಿರ ಇರುತ್ತದೆ. ಇಲ್ಲಿ 3.2 ಇದೆ. ಬರಗಾಲದ ವರ್ಷಗಳಲ್ಲಿ ಕೆರೆ ಒಣಗಿ, ಗೋಡು ಕುಗ್ಗಿ ಸ್ವಲ್ಪ ಗಟ್ಟಿಯಾಗಿದೆ ಎಂದು ಓದಿಕೊಳ್ಳಬಹುದು.

`ED`ಯನ್ನೇ ಸೆಟಲ್‌ಮೆಂಟ್ ಲೆಕ್ಕಕ್ಕೆ ಹಾಕುವವರನ್ನು ನೋಡಿದ್ದೇನೆ. ಹಾಗೆ ಮಾಡಬಾರದು. ಅದು ಅಲಗು ತೂರಿ ಕದಡಿದ ಮಣ್ಣನ್ನು ಪಕ್ಕಕ್ಕೆ ತಳ್ಳಿದ ಅಂಕಿ. ಮಣ್ಣಿನ ಹಿಂದಿನ ಕಥೆ ಅದರಲ್ಲಿ ಇಲ್ಲ, ಅದು ಇರುವುದು `KD`ಯಲ್ಲಿ. ಅದಕ್ಕೇ ಮಾರ್ಕೆಟ್ಟಿ `ID` ಮತ್ತು `KD`ಯಿಂದ ಒಂದು ಗುಣಕ ತೆಗೆಯುತ್ತಾರೆ. ಇಲ್ಲಿ ಅದು 1.33 ಬಂತು. 3.46ಕ್ಕೆ ಅದನ್ನು ಗುಣಿಸಿದರೆ `M` ಸುಮಾರು 4.6 ಮೆಗಾಪಾಸ್ಕಲ್. ಇದು ಮಣ್ಣನ್ನು ಪಕ್ಕಕ್ಕೆ ಸರಿಯಲು ಬಿಡದೆ ಮೇಲಿನಿಂದ ಒತ್ತಿದಾಗಿನ ಬಿಗಿತ.

ಪ್ರೆಷರ್‌ಮೀಟರ್ ಜೊತೆ ಹೋಲಿಸಿ ನೋಡಿದೆವು. ಅದರ ಮಾಡ್ಯುಲಸ್ 3, ಜೇಡಿಗೆ α 2/3. ಮೂರನ್ನು α ಇಂದ ಭಾಗಿಸಿದರೆ ಅದೂ ಇದೇ ಬಗೆಯ ಬಿಗಿತವನ್ನು ಕೊಡುತ್ತದೆ: 4.5. ಬೇರೆ ಬೇರೆ ದಾರಿಯಲ್ಲಿ ಹೋದ ಎರಡು ಉಪಕರಣಗಳು ಒಂದೇ ಅಂಕಿಗೆ ಬಂದವು. ರಬ್ಬರ್ ತಿದ್ದುಪಡಿಯ ಬಗ್ಗೆ ನನಗಿದ್ದ ಅಡ್ಡಿ ಇಲ್ಲಿಗೆ ಮುಗಿಯಿತು.

5 ಮೀಟರ್ ದಾಟುತ್ತಿದ್ದಂತೆ ಅಲಗು ನಿಂತುಹೋಯಿತು. ಮೊರಂ ತಗುಲಿತ್ತು. ಇನ್ನೂ ಒತ್ತಿದರೆ ಅದರೊಳಗಿನ ಬೆಣಚು ಚೂರುಗಳು ಪೊರೆಯನ್ನು ಸೀಳುತ್ತವೆ. ಅಲಗನ್ನು ಮೇಲೆತ್ತಿ ಎರಡೂ ತಿದ್ದುಪಡಿಗಳನ್ನು ಮತ್ತೆ ಅಳೆದೆವು. ಮೊದಲಿನದಕ್ಕೂ ಈಗಿನದಕ್ಕೂ 25 ಕಿಲೋಪಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ತೂತಿನ ರೀಡಿಂಗುಗಳನ್ನು ನಂಬಬಾರದು. ನಮ್ಮದು ಕೆಲವೇ ಕಿಲೋಪಾಸ್ಕಲ್ ಸರಿದಿತ್ತು. ಮೆತ್ತಗಿನ ಮಣ್ಣಿನಲ್ಲಿ ಈ ಮರು ಅಳತೆ ಬಿಟ್ಟರೆ ಎಲ್ಲವೂ ಕೆಡುತ್ತದೆ, ಯಾಕೆಂದರೆ `p1` ಮತ್ತು `p0` ನಡುವಿನ ಅಂತರವೇ ಇಲ್ಲಿ ಬರೀ 100.

ಎರಡು ಉತ್ತರ, ಒಂದು ತೀರ್ಮಾನ

ಡೈಲಟೋಮೀಟರ್ ಲೆಕ್ಕ ಸರಳ. ಫುಟಿಂಗ್ ಕೆಳಗಿನ ಜೇಡಿಯನ್ನು ಒಂದೊಂದು ಮೀಟರಿನ ಮೂರು ಪದರ ಮಾಡಿದೆವು. ಅವುಗಳ `M` 5.5, 4.5 ಮತ್ತು 4. ಫುಟಿಂಗಿನ ಒತ್ತಡ ಕೆಳಗೆ ಹೋದಂತೆ ಹರಡಿ, ಪದರಗಳ ಮಧ್ಯದಲ್ಲಿ 103, 57 ಮತ್ತು 36 ಕಿಲೋಪಾಸ್ಕಲ್ ಆಗುತ್ತದೆ. ಒತ್ತಡವನ್ನು `M`ನಿಂದ ಭಾಗಿಸಿ, ಪದರದ ದಪ್ಪದಿಂದ ಗುಣಿಸಿ ಕೂಡಿಸಿದರೆ 40 ಮಿ.ಮೀ. ಕೆಳಗಿನ ಮೊರಂ ಪಾಲು ಸೇರಿ 42.

ಬಿಗಿತದಲ್ಲಿ ಒಪ್ಪಿದ ಉಪಕರಣಗಳು ಸೆಟಲ್‌ಮೆಂಟಿನಲ್ಲಿ 22 ಮತ್ತು 42 ಹೇಳಿದವು. ವ್ಯತ್ಯಾಸ ಅಳತೆಯದ್ದಲ್ಲ, ಲೆಕ್ಕದ್ದು. ಮೆನಾರ್ ಸೂತ್ರ ನಿಜವಾದ ಫುಟಿಂಗುಗಳು ಕೂತ ಅನುಭವಕ್ಕೆ ಹೊಂದಿಸಿದ ಸೂತ್ರ. ಡೈಲಟೋಮೀಟರ್ ಲೆಕ್ಕ ಪದರಗಳನ್ನು ಸುಮ್ನೆ ಕೂಡಿಸುತ್ತದೆ. ಮಣ್ಣು ಪಕ್ಕಕ್ಕೆ ಸರಿಯುವುದೇ ಇಲ್ಲ, ಒತ್ತಡ ಸಣ್ಣದಿದ್ದರೂ ದೊಡ್ಡದಿದ್ದರೂ ಬಿಗಿತ ಒಂದೇ ಎಂದು ಅದು ಹಿಡಿಯುತ್ತದೆ. ಯಾವುದು ಸರಿ ಎಂದು ಆ ಹಂತದಲ್ಲಿ ವಾದ ಮಾಡಬೇಕಾಗಿರಲಿಲ್ಲ. ಮೊರಂ ಕಡೆಯ 5ನ್ನು ಕಳೆದರೆ ಒಂದು 17 ಹೇಳುತ್ತದೆ, ಇನ್ನೊಂದು 37. ಎರಡೂ 12ಕ್ಕಿಂತ ಜಾಸ್ತಿ.

ಮೊರಂನ 14 ಮೆಗಾಪಾಸ್ಕಲ್ ಬಗ್ಗೆಯೂ ಒಂದು ಪ್ರಶ್ನೆ ಉಳಿದಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳ ಸುತ್ತ ಅಂತರ್ಜಲ ಮೇಲೆ ಬಂದಿದೆ. ಒಣ ಮೊರಂನ ಬಿಗಿತದಲ್ಲಿ ಒಂದು ಪಾಲು ಅದರ ಒಣತನದ್ದೇ. ಕಣಗಳ ನಡುವಿನ ಚೂರುಪಾರು ತೇವ ಅವುಗಳನ್ನು ಎಳೆದು ಹಿಡಿದಿರುತ್ತದೆ, ನೀರು ತುಂಬಿದರೆ ಆ ಹಿಡಿತ ಹೋಗುತ್ತದೆ. ಬೇಸಿಗೆಯಲ್ಲಿ ಅಳೆದ ಅಂಕಿಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ನೀರಿನ ಮಟ್ಟದ ಕೆಳಗೆ ಮಾಡಿದ ಪರೀಕ್ಷೆಗಳಲ್ಲಿ 10ರಿಂದ 11 ಬಂದಿತ್ತು. ಎಲ್ಲ ಮೊರಂಗೂ 10 ಎಂದೇ ಹಿಡಿದು ನೋಡಿದೆವು. ಸೆಟಲ್‌ಮೆಂಟ್ 6–7 ಮಿ.ಮೀ. ಆಯಿತು, ತೀರ್ಮಾನ ಬದಲಾಗಲಿಲ್ಲ.

ಹಳ್ಳದ ಪಟ್ಟಿಯೊಳಗೆ ಬರುವ ಕಂಬಗಳನ್ನು ಪೈಲ್ ಮೇಲೆ ನಿಲ್ಲಿಸಿ, ಪೈಲ್‌ಗಳನ್ನು ಜೇಡಿ ದಾಟಿಸಿ ಮೊರಂ ಒಳಗೆ ಇಳಿಸಲು ಹೇಳಿದೆವು. ಜೇಡಿ ಅಗೆದು ತೆಗೆದು ಮೊರಂವರೆಗೆ ಕಾಂಕ್ರೀಟ್ ತುಂಬುವ ಯೋಚನೆಯೂ ಬಂದಿತ್ತು. ಎರಡೂವರೆ ಮೀಟರಿಗೇ ನೀರು ಸಿಗುವ ಜಾಗದಲ್ಲಿ ಐದು ಮೀಟರ್ ಗುಂಡಿ ತೋಡುವುದು ಕಷ್ಟ ಎಂದು ಬಿಟ್ಟೆವು. ಉಳಿದ ಕಂಬಗಳಿಗೆ ಮೊದಲಿನ ಫುಟಿಂಗೇ.

ಆದರೆ ಪೈಲ್ ಕಂಬವನ್ನು ಹಿಡಿಯುತ್ತದೆ, ನೆಲಹಾಸನ್ನು ಹಿಡಿಯುವುದಿಲ್ಲ. ಸರಕು ಪೇರಿಸಿದಾಗ ನೆಲಕ್ಕೆ 30 ಕಿಲೋಪಾಸ್ಕಲ್ ಭಾರ ಬರುತ್ತದೆ. ಅಗಲವಾಗಿ ಹರಡಿದ ಈ ಭಾರ ಆಳದಲ್ಲೂ ಕಡಿಮೆಯಾಗುವುದಿಲ್ಲ. ಕಂಬ ಅಲ್ಲಾಡದೆ ನಿಂತು ಪಕ್ಕದ ನೆಲ ಮಾತ್ರ ಇಳಿದರೆ ಅಲ್ಲೇ ಬಿರುಕು. ಅದಕ್ಕೇ ಪೈಲ್ ಹಾಕುವ ಮುಂಚೆ ಆ ಪಟ್ಟಿಯ ಮೇಲೆ ಎರಡು ಮೀಟರ್ ಎತ್ತರ ಮೊರಂ ಗುಡ್ಡೆ ಹಾಕಿಸಿದೆವು, 36 ಕಿಲೋಪಾಸ್ಕಲ್ ಭಾರ. ಗುಡ್ಡೆಯ ತಳದಲ್ಲಿ ಸೆಟಲ್‌ಮೆಂಟ್ ಪ್ಲೇಟುಗಳನ್ನಿಟ್ಟು ಲೆವೆಲಿನಿಂದ ವಾರವಾರ ಓದಿಸಿದೆವು.

ಇದು ಡೈಲಟೋಮೀಟರ್ ಲೆಕ್ಕಕ್ಕೆ ಒಳ್ಳೆಯ ಪರೀಕ್ಷೆಯೂ ಆಯಿತು. ಜೇಡಿಯ ದಪ್ಪಕ್ಕಿಂತ ಭಾರ ತುಂಬಾ ಅಗಲವಾಗಿದ್ದಾಗ ಮಣ್ಣಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, `M` ಹೇಳುವುದೂ ಅದನ್ನೇ. ಮೇಲಿನ ಎರಡು ಮೀಟರಿಗೆ `M` 8 ಹಿಡಿದು ಲೆಕ್ಕ ಹಾಕಿದಾಗ ಮೇಲಿನ ಪದರಕ್ಕೆ 9, ಜೇಡಿಗೆ 24, ಒಟ್ಟು 33 ಮಿ.ಮೀ. ಬರಬೇಕಿತ್ತು. ನಡುವಿನ ಪ್ಲೇಟು 26 ಮಿ.ಮೀ. ಇಳಿಯಿತು. ಹತ್ತನೇ ವಾರದ ಹೊತ್ತಿಗೆ ಗೆರೆ ಮಟ್ಟಸವಾಯಿತು. ಲೆಕ್ಕ ಕಾಲು ಭಾಗದಷ್ಟು ಹೆಚ್ಚು ಹೇಳಿತ್ತು. ಇಂಥ ಮಣ್ಣಿನಲ್ಲಿ ಅಷ್ಟು ಹತ್ತಿರ ಬಂದರೆ ನಾನು ಒಳ್ಳೆಯ ಅಂದಾಜು ಎಂದೇ ಎಣಿಸುತ್ತೇನೆ. ಫುಟಿಂಗ್ ಹಾಕಿದ್ದರೆ 42ಕ್ಕಿಂತ ಕಡಿಮೆ ಕೂರುತ್ತಿತ್ತು ಎಂದು ಇದರಿಂದ ಅನ್ನಿಸುತ್ತದೆ. ಆದರೆ 12ರ ಮಿತಿಯೊಳಗೆ ಬರಲು ಅದು 17ಕ್ಕೆ ಇಳಿಯಬೇಕಿತ್ತು. ಪ್ಲೇಟುಗಳ ಓದು ಅಷ್ಟು ದೂರ ಹೋಗುವುದಿಲ್ಲ.

ಗುಡ್ಡೆ ತೆಗೆದಾಗ ನೆಲ 3 ಮಿ.ಮೀ. ಮೇಲೆ ಬಂತು. ಸರಕಿನ 30 ಕಿಲೋಪಾಸ್ಕಲ್ ಭಾರ ಗುಡ್ಡೆಯ ಭಾರಕ್ಕಿಂತ ಕಡಿಮೆ ಇರುವುದರಿಂದ ನೆಲಹಾಸು ಹೆಚ್ಚುಕಡಿಮೆ ಇಷ್ಟೇ ಇಳಿಯಬೇಕು. ಗುಡ್ಡೆ ತೆಗೆದ ಮೇಲೆಯೇ ಪೈಲ್‌ಗಳನ್ನು ಹಾಕಿಸಿದೆವು. ಮೊದಲೇ ಹಾಕಿದ್ದರೆ ಇಳಿಯುವ ಜೇಡಿ ಪೈಲ್‌ಗಳನ್ನೂ ಕೆಳಕ್ಕೆ ಎಳೆಯುತ್ತಿತ್ತು. ಕಟ್ಟಡ ಮುಗಿದು ಸರಕು ತುಂಬಿದ ಮೇಲೆ ಓದಿದಾಗ ಮೊರಂ ಮೇಲಿನ ಫುಟಿಂಗುಗಳು 4ರಿಂದ 6 ಮಿ.ಮೀ. ಕೂತಿದ್ದವು, ಪೈಲ್ ಕಂಬಗಳು 3ರಿಂದ 4. ಇವು ಒಂದು ಮಳೆಗಾಲ ಕಳೆದ ಮೇಲಿನ ಅಂಕಿಗಳು. ಕೆರೆ ಪೂರ್ತಿ ತುಂಬಿ ಮೊರಂ ನೆನೆದ ಮೇಲಿನ ಓದು ಇನ್ನೂ ಆಗಬೇಕಿದೆ. ಕಂಬಗಳ ಮೇಲಿನ ಲೆವೆಲ್ ಗುರುತುಗಳನ್ನು ಅಳಿಸದೆ ಉಳಿಸಿಕೊಳ್ಳಲು ಮಾಲೀಕರು ಒಪ್ಪಿದ್ದಾರೆ.